ನಳದ ಮಿಸ್ತ್ರಿಗೆ ಬಾಗಿಲು ತೆಗೆದ ಬೆಳಗು

ಸೋಲಾಪುರದ ನಮ್ಮ ಬೋರ್ಡಿಂಗಿನಲ್ಲಿ ನೀರು ನಿಂತದ್ದು ನೀರಿನ ಕೊರತೆಯಿಂದಲ್ಲ. ನಮ್ಮ ಬೋಳದ, ಅಂದರೆ ಓಣಿಯ, ಎಲ್ಲ ಮನೆಗಳಿಗೂ ಬೆಳಿಗ್ಗೆ ನಳದ ನೀರು ಬರುತ್ತಿತ್ತು. ನಮ್ಮ ಮನೆಗೆ ಮಾತ್ರ ಬರುತ್ತಿರಲಿಲ್ಲ, ಯಾಕೆಂದರೆ ನಳ ರಿಪೇರಿ ಮಾಡುವ ಮಿಸ್ತ್ರಿಗೆ ನಮ್ಮ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ. ಐವತ್ತರ ದಶಕದ ಮಾತು ಇದು. ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ.

ನಾನು ಅಕ್ಕಲಕೋಟದವಳು. ಅಪ್ಪ ಅಲ್ಲಿಯ ಪೇಟೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದ ದರ್ಜಿ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಬೇಕೆಂದು ಸೋಲಾಪುರದ ಟ್ರೇನಿಂಗ್ ಕಾಲೇಜಿಗೆ ಸೇರಿದಾಗ, ಹುಡುಗಿಯರಿಗಾಗಿ ಒಬ್ಬ ಸೇಠರು ನಡೆಸುತ್ತಿದ್ದ ಬೋರ್ಡಿಂಗಿನಲ್ಲಿ ಜಾಗ ಸಿಕ್ಕಿತು. ಬೋರ್ಡಿಂಗ್ ಎಂದರೆ ಒಂದು ಹಳೆಯ ವಾಡೆ. ನಡುವೆ ಅಂಗಳ, ಸುತ್ತ ಖೋಲಿಗಳು, ಮೇಲೆ ಒಂದು ಮಾಳಿಗೆ, ಮೂಲೆಯಲ್ಲಿ ಬಚ್ಚಲುಮನೆ. ಬಚ್ಚಲುಮನೆಯ ಗೋಡೆಗೆ ಬೆನ್ನು ಹಚ್ಚಿಕೊಂಡು ಹಿಂದಿನ ಬೋಳದ ಕಡೆಗೆ ಸೇಠರದೇ ಗೋದಾಮು. ಅದರಲ್ಲಿ ಸೋಲಾಪುರಿ ಚಾದರಗಳ ಗಂಟುಗಳು ಮಾಳಿಗೆಯ ಮಟ್ಟ ತುಂಬಿರುತ್ತಿದ್ದವು.

ನಮ್ಮನ್ನು ನೋಡಿಕೊಳ್ಳಲು ಒಬ್ಬ ವಿಧವೆಯಿದ್ದರು. ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದೆವು. ಸೇಠರ ದೂರದ ಸಂಬಂಧಿ. ಉಣ್ಣುವುದು ಅವರ ಅನ್ನ, ಇರುವುದು ಅವರ ನೆರಳು. ಹಾಗಾಗಿ ಸೇಠರು ಕೆಮ್ಮಿದರೂ ಇವರು ಎದ್ದು ನಿಲ್ಲುತ್ತಿದ್ದರು. ಹೊರಬಾಗಿಲಿನ ಕೀಲಿ ಸದಾ ಬಾಯಿಯ ಸೊಂಟದಲ್ಲಿರುತ್ತಿತ್ತು.

ಒಂದು ದಿನ ಗೋದಾಮಿನ ಗೋಡೆಯ ಮೇಲೆ ತೇವ ಕಾಣಿಸಿತು. ನಮ್ಮ ಬಚ್ಚಲುಮನೆಯ ಪೈಪು ಎಲ್ಲೋ ಒಡೆದು ಗೋಡೆಯೊಳಗೆ ನೀರು ಇಳಿಯುತ್ತಿತ್ತು. ಸೇಠರು ಸಂಜೆಯೊಳಗೆ ಮನುಷ್ಯನನ್ನು ಕಳಿಸಿ, ಹೊಸ್ತಿಲ ಹೊರಗೆ ಕಬ್ಬಿಣದ ಮುಚ್ಚಳದ ಕೆಳಗಿದ್ದ ಕಾಕ್ ತಿರುಗಿಸಿ ನಮ್ಮ ನೀರು ಪೂರ್ತಿ ಬಂದ್ ಮಾಡಿಸಿದರು. ಚಾದರಗಳು ಒಣಗಿದವು. ನಾವೂ ಒಣಗಿದೆವು. ಆ ಮನೆಗೆ ಇದ್ದದ್ದು ಅದೊಂದೇ ನಳ.

ಮರುದಿನದಿಂದ ನಸುಕಿನಲ್ಲೆದ್ದು ಕೊಡ ಹಿಡಿದು ಬೋಳದ ತುದಿಯಲ್ಲಿದ್ದ ಸಾರ್ವಜನಿಕ ನಳಕ್ಕೆ ಹೋಗುವುದು ನಮ್ಮ ಪಾಲಿಗೆ ಬಂತು. ಗಿರಣಿಯ ಭೋಂಗಾ ಕೂಗುವ ಹೊತ್ತು ಅದು. ರಾತ್ರಿ ಪಾಳಿ ಮುಗಿಸಿ ಬರುವವರು, ಹಗಲ ಪಾಳಿಗೆ ಹೋಗುವವರು ಎಲ್ಲರೂ ಆ ನಳದ ಮುಂದೆಯೇ ಹಾಯುತ್ತಿದ್ದರು. ಹೆಚ್ಚಿನವರು ಪಾಪ, ತಮ್ಮಷ್ಟಕ್ಕೆ ತಾವು ಹೋಗುತ್ತಿದ್ದರು. ಎಲ್ಲರೂ ಅಲ್ಲ.

ಮಿಸ್ತ್ರಿಯನ್ನು ಕರೆಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಸೇಠರೇ ಗೊತ್ತು ಮಾಡಿದ್ದರು. ಮಜೂರಿಯ ಮಾತೂ ಅವರ ಹತ್ತಿರವೇ ಮುಗಿದಿತ್ತು. ಆತ ಒಬ್ಬ ನಡುವಯಸ್ಸಿನ ಮುಸಲ್ಮಾನ, ನಾಲ್ಕು ಬೀದಿ ಆಚೆ ಅವನದೊಂದು ಸಣ್ಣ ಅಂಗಡಿ. ಹೇಳಿದ ದಿನ ಬೆಳಿಗ್ಗೆ ತಿರುಪು ಬಿಗಿಯುವ ಪಾನಾ, ಪೈಪು ಹೊತ್ತುಕೊಂಡು ಬಂದ. ಬಾಯಿ ಬಾಗಿಲ ಸಂದಿಯಿಂದಲೇ ಹೇಳಿದರು:

"ಒಳಗ ಹುಡಿಗ್ಯಾರದಾರಪ್ಪಾ. ಗಂಡಸರನ್ನ ಬಿಡಬಾರದಂತ ಸೇಠಜಿ ಹೇಳ್ಯಾರ. ಹುಡಿಗ್ಯಾರು ಕಾಲೇಜಿಗೆ ಹೋದ ಮ್ಯಾಲ ಬಾ."

ಆತ ಇನ್ನೊಂದು ದಿನ ಮಧ್ಯಾಹ್ನ ಬಂದ. ಮನೆ ಖಾಲಿಯಿತ್ತು. ಈಗ ಬಾಯಿಗೆ ಬೇರೆ ಹೆದರಿಕೆ. "ಹುಡಿಗ್ಯಾರ ಟ್ರಂಕು ಎಲ್ಲಾ ಬಿಚ್ಚಿ ಬಿದ್ದಾವ. ನಾ ಒಬ್ಬಾಕಿನೇ ಹೆಣ್ಮಗಳು. ಏನರ ಹೆಚ್ಚುಕಮ್ಮಿ ಆದ್ರ ಯಾರ ಜಬಾಬದಾರಿ?" ಎಂದು ಅಗುಳಿ ಹಾಕಿಕೊಂಡರು. ಒಳಗೆ ಬಿಟ್ಟಿದ್ದರೂ ಆ ಹೊತ್ತಿನಲ್ಲಿ ಉಪಯೋಗವಿರಲಿಲ್ಲ. ಮಧ್ಯಾಹ್ನ ನಳದಲ್ಲಿ ನೀರಿರುವುದಿಲ್ಲ. ನೀರು ಓಡದಿದ್ದರೆ ಎಲ್ಲಿ ಸೋರುತ್ತಿದೆ ಎಂದು ಕಾಣುವುದಿಲ್ಲ.

ಮೂರನೆಯ ಸಲ ಸೇಠರು ತಾವೇ ಮುಂದೆ ನಿಂತು ಮಾಡಿಸುತ್ತೇನೆಂದು ರವಿವಾರ ಬರಲು ಹೇಳಿಕಳಿಸಿದರು. ಮಿಸ್ತ್ರಿಗೆ ಗೋದಾಮಿನ ಬಾಗಿಲಿಗೆ ಬಾ ಎಂದಿದ್ದರು, ಬಾಯಿಗೆ ಮುಂಬಾಗಿಲಲ್ಲಿ ಕೂತಿರು ಎಂದಿದ್ದರು, ತಾವು ಮಾತ್ರ ಬಾರ್ಶಿಗೆ ಮದುವೆಗೆ ಹೋಗಿಬಿಟ್ಟಿದ್ದರು. ಮಿಸ್ತ್ರಿ ಹಿಂದಿನ ಬೋಳದಲ್ಲಿ ಕೀಲಿ ಹಾಕಿದ ಬಾಗಿಲ ಮುಂದೆ, ಬಾಯಿ ಈ ಕಡೆ ಸ್ಟೂಲಿನ ಮೇಲೆ. ನೀರು ಬರುವ ಹೊತ್ತು ಹಾಗೇ ಕಳೆದುಹೋಯಿತು.

ಈಗ ನೀವೇ ಹೇಳಿ. ಹುಡುಗಿಯರಿದ್ದರೆ ಗಂಡಸು ಒಳಗೆ ಬರಬಾರದು. ಹುಡುಗಿಯರಿಲ್ಲದಿದ್ದರೂ ಬರಬಾರದು. ಹಾಗಾದರೆ ಅವನು ಬರುವುದು ಯಾವಾಗ? ನಮ್ಮ ಮಾನ ಕಾಯಲಿಕ್ಕೆ ಒಬ್ಬ ಮಿಸ್ತ್ರಿಗೆ ಬಾಗಿಲು ಮುಚ್ಚಿದ ಇದೇ ಜನ, ನಸುಕಿನ ಕತ್ತಲೆಯಲ್ಲಿ ನಮ್ಮನ್ನು ಕೊಡ ಕೊಟ್ಟು ಬೀದಿಗೆ ಕಳಿಸುತ್ತಿದ್ದರು. ಅಲ್ಲಿ ಎಷ್ಟು ಗಂಡಸರಿರುತ್ತಾರೆಂದು ಯಾರೂ ಎಣಿಸಲಿಲ್ಲ.

ನನ್ನ ಖೋಲಿಯಲ್ಲಿ ಕರಜಗಿಯ ಒಬ್ಬ ಹುಡುಗಿಯಿದ್ದಳು. ಕುರಿ ಕಾಯುವವರ ಮನೆಯವಳು, ಆ ಊರಿನಿಂದ ಓದಲು ಬಂದ ಮೊದಲ ಹೆಣ್ಣುಮಗಳು. ಎರಡು ತುಂಬಿದ ಕೊಡ ಹೊತ್ತು ಹಾಡು ಗುನುಗುತ್ತ ನಡೆಯುವಷ್ಟು ಗಟ್ಟಿ. ಒಂದು ಬೆಳಿಗ್ಗೆ ಅವಳು ನಳದ ಕಲ್ಲಿನ ಮೇಲೆ ಬಗ್ಗಿ ಕೊಡ ಎತ್ತುತ್ತಿದ್ದಾಗ ಹಿಂದಿನಿಂದ ಬಂದವನೊಬ್ಬ ಅವಳ ಸೆರಗು ಹಿಡಿದು ಎಳೆದ. ಏನೋ ಹೊಲಸು ಮಾತೂ ಆಡಿದ. ಕೈಯಿಂದ ಜಾರಿದ ಕೊಡದ ಜೊತೆ ಅವಳೂ ಬಿದ್ದಳು. ಗದ್ದ ಕಲ್ಲಿಗೆ ಬಡಿದು ಸೀಳಿತು. ಅಲ್ಲಿದ್ದ ಮುದುಕಿಯೊಬ್ಬಳು ಕೂಗಿಕೊಂಡದ್ದರಿಂದ ಅವನು ಓಡಿದ. ನಾನು ಅವಳನ್ನು ಹಿಡಿದುಕೊಂಡು ಮನೆಗೆ ಕರೆತಂದೆ. ಅವಳ ಕುಪ್ಪಸವೆಲ್ಲ ನೀರು, ರಕ್ತ. ಗಾಯ ತೊಳೆಯೋಣವೆಂದರೆ ಮನೆಯಲ್ಲಿ ಒಂದು ತಂಬಿಗೆ ನೀರಿರಲಿಲ್ಲ.

ಅಂದು ಸಂಜೆ ಸೇಠರು ಬಂದರು. ಅಂಗಳದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಪಟ್ಟಿ ಕಟ್ಟಿದ ಅವಳ ಗದ್ದವನ್ನು ನೋಡಿಯೂ ಅವರು ಹೇಳಿದ್ದು ಇಷ್ಟೇ: "ಹೊರಗ ಹೋದಾಗ ಕಣ್ಣು ಕೆಳಗ ಇಡಬೇಕು. ನಗೂದು, ಹಾಡೂದು ಮಾಡಿದ್ರ ಹಿಂಗ ಆಗ್ತದ."

ಕಣ್ಣು ಕೆಳಗೇ ಇತ್ತು. ಬಗ್ಗಿ ಕೊಡ ಎತ್ತುವವಳ ಕಣ್ಣು ಇನ್ನೆಲ್ಲಿರುತ್ತದೆ? ನನಗೆ ಅಳು ಬರಲಿಲ್ಲ. ಕಿವಿ ಕಾದವು, ಅಷ್ಟೇ.

ಮರುದಿನ ಕಾಲೇಜು ಬಿಟ್ಟ ಮೇಲೆ ನಾವಿಬ್ಬರೂ ನೆಟ್ಟಗೆ ಮಿಸ್ತ್ರಿಯ ಅಂಗಡಿಗೆ ಹೋದೆವು. ಆತ ನೆಲದ ಮೇಲೆ ಕೂತು ಒಂದು ಹಳೆಯ ನಲ್ಲಿಯ ತಿರುಪು ಬಿಚ್ಚುತ್ತಿದ್ದ. ಬೋರ್ಡಿಂಗ್ ಎಂಬ ಹೆಸರು ಕೇಳಿದ್ದೇ ತಡ ಪಾನಾ ಕೆಳಗಿಟ್ಟ.

"ಬರೂದಿಲ್ಲ ಬೇಟಾ. ಮೂರು ಸಲ ಬಂದೀನಿ, ಮೂರು ಸಲನೂ ಬಾಗಲಾ ನೋಡಿ ಹೋಗೀನಿ. ಬಾಗಲಾ ರಿಪೇರಿ ಮಾಡೂ ಕೆಲಸ ನಂದಲ್ಲ."

"ಈ ಸಲ ಬಾಗಲಾ ತಗೀತೀವ್ರಿ, ಚಾಚಾ," ಎಂದೆ.

"ಯಾರು ತಗಿಯವ್ರು? ಹೆಸರು ಹಿಡದು ಹೇಳು. ಸೇಠ್ ಅಂತಾನ ಬಾಯಿ ತಗೀತಾಳಂತ, ಬಾಯಿ ಅಂತಾಳ ಸೇಠ್ ಬರ್ತಾನಂತ."

"ನಾನೇ ತಗೀತೀನಿ."

ಆತ ಗೆಳತಿಯ ಗದ್ದದ ಪಟ್ಟಿ ನೋಡಿದ. ಏನಾಯಿತೆಂದು ಕೇಳಿದ. ಅವಳು ಎರಡೇ ಮಾತಿನಲ್ಲಿ ಹೇಳಿದಳು. ಆತ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ಕೇಳಿದ: "ಯಾವ ಬಾಗಲಾ? ಹಿಂದಿಂದೋ, ಮುಂದಿಂದೋ? ಪಕ್ಕಾ ಹೇಳು."

"ಮುಂದಿಂದ್ರಿ. ಎಣ್ಣಿ ಗಾಣದ ಬಾಜೂ ಬೋಳ, ಒಳಗ ಬಂದ ಕೂಡ್ಲೆ ಬಲಕ್ಕ ನೀಲಿ ಬಾಗಲಾ. ಗೋದಾಮಿನ ಕಡಿ ಹೋಗಬ್ಯಾಡ್ರಿ."

"ನೀರು ಆರಕ್ಕ ಬರ್ತದ, ಎಂಟಕ್ಕ ಹೋಗ್ತದ. ಬುಧವಾರ ಆರೂವರಿ ಮ್ಯಾಲ, ಏಳರ ಒಳಗ ಬರ್ತೀನಿ. ಏಳಾದ ಮ್ಯಾಲ ನಾ ಬರಲಿಲ್ಲಂದ್ರ ಕಾಯಬ್ಯಾಡ್ರಿ, ನಿಮ್ಮ ಕೆಲಸಕ್ಕ ಹೋಗ್ರಿ. ನಾ ಬಂದಾಗ ಬಾಗಲಾ ತಗೀಲಿಲ್ಲಂದ್ರ ನಾನೂ ಕಾಯೂದಿಲ್ಲ. ಕಬೂಲ?"

"ಕಬೂಲ."

"ಬಚ್ಚಲದಾಗ ಗ್ವಾಡಿಗೆ ಹಚ್ಚಿ ಏನರ ಇಟ್ಟೀರೇನು?"

"ಕಟಗಿ ಒಟ್ಟೀವ್ರಿ. ನೀರು ಕಾಸೂ ಹಂಡೆನೂ ಅದ."

"ಎಲ್ಲಾ ತಗದು ಗ್ವಾಡಿ ಮೋಕಳಿ ಮಾಡಿ ಇಡ್ರಿ. ಇಲ್ಲಾಂದ್ರ ಕಟಗಿ ಎತ್ತೂದ್ರಾಗನೇ ನೀರು ಹೋಗ್ತದ. ಕಾಕ್ ತಗಿಯೂ ಕೀಲಿ ನನ್ನ ಕಡಿ ಅದ." ಆಮೇಲೆ ಬೆರಳೆತ್ತಿದ. "ಇನ್ನೊಂದು ಮಾತು. ನಾ ಒಳಗಿರೂತನಕ ಹೊರಬಾಗಲದ ಎರಡೂ ಕದಾ ತಗದಿರಬೇಕು. ನೀವಿಬ್ಬರೂ ಅಂಗಳದಾಗ ಕಣ್ಣಿಗೆ ಬೀಳೂ ಹಂಗ ನಿಂತಿರಬೇಕು. ನನಗೂ ಹೆಣ್ಣುಮಕ್ಕಳದಾರ. ನಾಳಿ ಯಾರ ಬಾಯಾಗೂ ಮಾತು ಬರಬಾರದು."

ಮೂರು ಸಲ ದೊಡ್ಡವರು ಗೊತ್ತು ಮಾಡಿದ ಭೇಟಿಯಲ್ಲಿ ಯಾರೂ ಈ ಮಾತುಗಳನ್ನು ಕೇಳಿರಲಿಲ್ಲ, ಹೇಳಿರಲಿಲ್ಲ. ಅದಕ್ಕೆ ಬೇಕಾದದ್ದು ಒಂದು ಬೀಡಿ ಸೇದುವಷ್ಟು ಹೊತ್ತು. ದಾರಿಯುದ್ದಕ್ಕೂ ನನಗೆ ಅದೇ ಸಿಟ್ಟು.

ಬಾಯಿಗೆ ಮುಚ್ಚಿಡಲಿಲ್ಲ. ಅಡಿಗೆಮನೆಯಲ್ಲಿ ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ: ಬುಧವಾರ, ಇಷ್ಟು ಹೊತ್ತಿಗೆ, ಈ ಬಾಗಿಲಿಗೆ, ಹುಡುಗಿಯರೆಲ್ಲ ಮಾಳಿಗೆಯ ಮೇಲೆ ಓದುತ್ತ ಕೂತಿರುತ್ತಾರೆ, ಟ್ರಂಕುಗಳಿಗೆಲ್ಲ ಕೀಲಿ ಹಾಕಿರುತ್ತೇವೆ, ನಾವಿಬ್ಬರು ಅಂಗಳದಲ್ಲಿರುತ್ತೇವೆ. ನೀವೂ ಕೂತಿರಿ ಎಂದೆ.

ಬಾಯಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಬುಧವಾರ ಏಕಾದಶಿ," ಎಂದರು. "ನಾ ಗುಡಿಗೆ ಕಾಕಡ ಆರತಿಗೆ ಹೋಗ್ತೀನಿ. ನನಗೇನೂ ಗೊತ್ತಿಲ್ಲ ನೋಡವ್ವಾ."

ಬುಧವಾರ ನಸುಕಿನಲ್ಲಿ ಬಾಯಿ ದೇವಸ್ಥಾನಕ್ಕೆ ಹೋದರು. ಎಂದೂ ಸೊಂಟ ಬಿಟ್ಟಿಳಿಯದ ಕೀಲಿ ಅಡಿಗೆಮನೆಯ ಮೊಳೆಗೆ ತೂಗುತ್ತಿತ್ತು.

ಹಿಂದಿನ ಸಂಜೆಯೇ ನಾವೆಲ್ಲ ಸೇರಿ ಕಟ್ಟಿಗೆಯನ್ನು ಅಂಗಳಕ್ಕೆ ಸಾಗಿಸಿದ್ದೆವು. ಹಂಡೆಯನ್ನು ಉರುಳಿಸಿಕೊಂಡು ಹೊರಗೆ ತಂದಿದ್ದೆವು. ಬೆಳಿಗ್ಗೆ ಎರಡೂ ಕದ ತೆಗೆದು ನಿಂತೆ. ಬೋಳದವರು ಬಂದು ಬಂದು ಇಣುಕಿ ಹೋದರು. ಭೋಂಗಾ ಆಗಿ ಸ್ವಲ್ಪ ಹೊತ್ತಿಗೆ ಗಾಣದ ತಿರುವಿನಲ್ಲಿ ಹೆಗಲ ಮೇಲೆ ಪೈಪು ಕಂಡಿತು. "ನಳದಾಂವ ಬಂದೀನ್ರಿ!" ಎಂದು ಆತ ಇಡೀ ಬೋಳಕ್ಕೆ ಕೇಳುವಂತೆ ಕೂಗಿದ. ಕದ್ದು ಬರುವವನು ಹಾಗೆ ಕೂಗುತ್ತಾನೆಯೇ?

ಮೊದಲು ಹೊರಗಿನ ಕಾಕ್ ತೆಗೆದ. ಬಚ್ಚಲುಮನೆಗೆ ಹೋಗಿ ಗೋಡೆಗೆ ಕಿವಿಯಿಟ್ಟ, ಅಂಗೈಯಿಂದ ಸವರಿದ. ನೀರಿನ ಸದ್ದು ನೀರೊಲೆಯ ಹಿಂದಿನ ಮೂಲೆಯಲ್ಲಿ ಸಿಕ್ಕಿತು. ಮತ್ತೆ ಕಾಕ್ ಮುಚ್ಚಿ, ಉಳಿಯಿಂದ ಗಾರೆ ಕೆತ್ತಿದಾಗ ತುಕ್ಕು ಹಿಡಿದು ಬಾಯಿಬಿಟ್ಟ ತುಂಡು ಹೊರಬಂತು. ಅದನ್ನು ಕತ್ತರಿಸಿ, ಹೊಸ ತುಂಡಿಗೆ ತಿರುಪಿನ ಆಟೆ ಕೊರೆದು, ಸಣಬಿನ ನೂಲು ಸುತ್ತಿ ಸಫೇದಾ ಎಂಬ ಬಿಳಿ ಲೇಪ ಬಳಿದು ಪಾನಾದಿಂದ ಬಿಗಿದ. ನಡುವೆ ಒಮ್ಮೆಯೂ ಮಾಳಿಗೆಯ ಕಡೆ ತಲೆಯೆತ್ತಲಿಲ್ಲ. ಮಾಳಿಗೆಯ ಮೇಲಿನವರು ಮಾತ್ರ ಪುಸ್ತಕ ಬಿಟ್ಟು ಕಟಾಂಜನದಿಂದ ಕೆಳಗೇ ನೋಡುತ್ತಿದ್ದರು.

ಕೊನೆಗೆ ಕಾಕ್ ತೆಗೆದು, "ಈಗ ನಲ್ಲಿ ಬಿಡ್ರಿ" ಎಂದ. ಗೆಳತಿ ತಿರುಗಿಸಿದಳು. ಮೊದಲು ಬರೀ ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಮೇಲಿನಿಂದ ಎಲ್ಲರೂ ಒಮ್ಮೆಲೇ ಚೀರಿದರು. ಮಿಸ್ತ್ರಿ ಜೋಡಿಸಿದ ಜಾಗ ಸೋರುತ್ತದೆಯೋ ಇಲ್ಲವೋ ಎಂದು ನೋಡುತ್ತ ಕೂತಿದ್ದು, ನೀರು ಹೋಗುವ ಹೊತ್ತಿಗೆ ಎದ್ದ. "ಗಾರಿ ನಾ ಹಚ್ಚೂದಿಲ್ಲ. ಒಂದೆರಡು ದಿನ ಜೋಡಿಸಿದ ಜಾಗಾ ಮುಚ್ಚದ ಬಿಟ್ಟು ನೋಡ್ರಿ, ಸೋರಲಿಲ್ಲಂದ್ರ ಗಾರಿ ಹಚ್ಚಾಕ ಗೌಂಡಿಗೆ ಹೇಳ್ರಿ," ಎಂದು ಹೇಳಿ ಹೋದ. ಅಷ್ಟೇ ನಡೆದದ್ದು. ಇದಕ್ಕಿಂತ ಒಂದು ಎಳೆ ಹೆಚ್ಚಿಲ್ಲ.

ಆದರೆ ಸಂಜೆಯೊಳಗೆ ಸೇಠರ ಕಿವಿಗೆ ಹೋದ ಮಾತೇ ಬೇರೆ. ಬೋರ್ಡಿಂಗಿನ ಹುಡುಗಿಯರು ಬಾಯಿ ಇಲ್ಲದ ಹೊತ್ತು ನೋಡಿ ಪರಗಂಡಸನ್ನು ಮನೆಯೊಳಗೆ ಕರೆದುಕೊಂಡರಂತೆ. ಯಾವ ಗಂಡಸು? ಅವರೇ ಗೊತ್ತು ಮಾಡಿದವನು. ಯಾವ ಕೆಲಸಕ್ಕೆ? ಅವರೇ ಹೇಳಿದ ಕೆಲಸಕ್ಕೆ. ನಾನು ಹೀಗೆ ಅನ್ನುತ್ತಿದ್ದಂತೆ ಸೇಠರು ಬಾಯಿಯ ಕಡೆ ತಿರುಗಿದರು. "ನಿಮಗ ಗೊತ್ತಿತ್ತೇನು?"

ಬಾಯಿ ನೆಲ ನೋಡುತ್ತ ಹೇಳಿದರು: "ನನಗ ಗೊತ್ತಿಲ್ರಿ. ಕೀಲಿ ಮರತು ಹೋಗಿದ್ದೆ."

ಅವರ ಕಷ್ಟ ನನಗೆ ತಿಳಿಯದೆ ಇರಲಿಲ್ಲ. ಅವರಿಗೆ ಆ ಮನೆ ಬಿಟ್ಟರೆ ಬೇರೆ ಮನೆಯಿಲ್ಲ. ಆದರೂ ಆ ಮಾತನ್ನು ನಾನು ಕ್ಷಮಿಸಿಲ್ಲ. ಅದೇ ದಿನ ಮಧ್ಯಾಹ್ನ ಅವರು ನಾವು ಬೆಳಿಗ್ಗೆ ಆ ನಳದಿಂದ ತುಂಬಿಟ್ಟ ನೀರಿನಲ್ಲಿ ಮನಸಾರೆ ಸ್ನಾನ ಮಾಡಿದ್ದರು.

ನಮ್ಮಿಬ್ಬರ ಮನೆಗೂ ಪತ್ರ ಹೋಯಿತು. ಅಪ್ಪ ಎಸ್.ಟಿ. ಬಸ್ಸು ಹಿಡಿದು ಬಂದ. ಹೊಲಿಗೆಯ ಅಳತೆ ಪಟ್ಟಿ ಕೊರಳಲ್ಲೇ ಇತ್ತು, ತೆಗೆದಿಡುವ ಪರಿವೆ ಇರಲಿಲ್ಲ. ಸೇಠರು ಗಾದಿಯ ಮೇಲೆ ಕೂತು ಮರಾಠಿಯಲ್ಲಿ ಸಂಸ್ಕಾರ, ಕುಲ, ಮರ್ಯಾದೆ ಎಂದು ಬಹಳ ಹೇಳಿದರು. ಅಪ್ಪ ನಿಂತೇ ಕೇಳಿದ. ಎಲ್ಲ ಮುಗಿದ ಮೇಲೆ ಕನ್ನಡದಲ್ಲಿ ಕೇಳಿದ:

"ನೀರು ಬಂತೇನ್ರಿ?"

"ಅದು ಸವಾಲಲ್ಲ," ಎಂದರು ಸೇಠರು.

"ಮತ್ತ ಸವಾಲು ಯಾವುದ್ರಿ? ಮಿಸ್ತ್ರಿ ನಿಮ್ಮಾಂವ, ಮನಿ ನಿಮ್ಮದು, ಒಡದ ಪೈಪೂ ನಿಮ್ಮದು. ಹಾದಿ ನಳದ ಮ್ಯಾಲ ಆ ಹುಡುಗಿ ಗದ್ದ ಒಡಕೊಂಡಳಲ್ಲ, ಆವಾಗ ನಮಗ್ಯಾಕ ಪತ್ರ ಬರಲಿಲ್ಲ?"

ನಮ್ಮಪ್ಪ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಗಿರಾಕಿಗಳು ಬೈದರೂ ಸೂಜಿ ಕಚ್ಚಿಕೊಂಡು ಸುಮ್ಮನಿರುವ ಮನುಷ್ಯ. ಸೇಠರ ಮುಖ ಕಪ್ಪಿಟ್ಟಿತು. ತಪ್ಪಾಯಿತೆಂದು ಬರೆದುಕೊಡಬೇಕು, ಇಲ್ಲವಾದರೆ ಜಾಗ ಖಾಲಿ ಮಾಡಬೇಕು ಎಂದರು. ಅಪ್ಪ ನನ್ನ ಕಡೆ ನೋಡಿದ. "ನೀ ಹೇಳವ್ವಾ. ತಪ್ಪು ಮಾಡೀಯೇನು?"

"ಇಲ್ಲಪ್ಪಾ."

"ಹಂಗಾದ್ರ ಟ್ರಂಕ್ ತಗೋ."

ಹೊರಗೆ ಬಂದ ಮೇಲೆ ಟ್ರಂಕನ್ನು ಅವನೇ ಹೊತ್ತುಕೊಂಡ. ಓದು ನಿಲ್ಲುತ್ತದೆಂಬ ಭಯ ಅವನಿಗೂ ಇತ್ತು, ನನಗೂ ಇತ್ತು. ಹೋಟಗಿಯಲ್ಲಿ ನಮ್ಮ ಚಿಕ್ಕವ್ವ ಇದ್ದಳು. ಅವಳ ಗಂಡ ರೈಲ್ವೆಯಲ್ಲಿ ಹಳಿ ಕೆಲಸ ಮಾಡುತ್ತಿದ್ದ. ಅವರ ಮನೆಯೆಂದರೆ ಒಂದೂವರೆ ಖೋಲಿ. ಅಲ್ಲೇ ನನಗೊಂದು ಮೂಲೆ ಮಾಡಿಕೊಟ್ಟರು. ಓದು ಮುಗಿಯುವವರೆಗೂ ಹೋಟಗಿಯಿಂದ ರೈಲುಗಾಡಿಯಲ್ಲಿ ಬಂದು ಹೋಗುತ್ತಿದ್ದೆ.

ಗೆಳತಿ ತಪ್ಪೊಪ್ಪಿಗೆ ಬರೆದುಕೊಟ್ಟು ಉಳಿದಳು. ಕರಜಗಿಯಿಂದ ದಿನಾ ಬಂದು ಹೋಗುವುದು ಆಗದ ಮಾತು. ಊರಿಗೆ ಹೋದರೆ ಮದುವೆ ಮಾಡಿಬಿಡುತ್ತಿದ್ದರು. ಅವಳನ್ನು ಯಾರಾದರೂ ಹೇಡಿ ಎಂದರೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಮಾಡದ ತಪ್ಪನ್ನು ತನ್ನ ಕೈಯಾರೆ ಬರೆಯುವುದು ಟ್ರಂಕು ಹೊತ್ತು ಹೊರಡುವುದಕ್ಕಿಂತ ಕಷ್ಟ.

ವರ್ಷದ ಕೊನೆಗೆ ಬೋರ್ಡಿಂಗಿನಲ್ಲಿ ಸಮಾರಂಭ ನಡೆಯಿತು. ಮರುದಿನ ರವಿವಾರ ಅವಳು ಹೋಟಗಿಗೆ ಬಂದಳು. ಚಿಕ್ಕವ್ವ ಒಲೆಯ ಮುಂದೆ, ನಾನು ರೊಟ್ಟಿ ತಟ್ಟುವ ಕೊಣಮಿಗೆಯ ಮುಂದೆ. ಅವಳು ಬಂದವಳೇ ಬಾಗಿಲಲ್ಲೇ ಚಪ್ಪಲಿ ಝಾಡಿಸಿ ಬಿಟ್ಟಳು.

"ಸೇಠ್ ಭಾಷಣಾ ಮಾಡಿದ. ನಮ್ಮ ಹೆಣ್ಣುಮಕ್ಕಳಿಗೆ ಬೀದಿ ನಳಕ್ಕ ಹೋಗೂ ತ್ರಾಸ ಆಗಬಾರದಂತ ನಾ ಮನಿಯೊಳಗ ನೀರಿನ ವ್ಯವಸ್ಥಾ ಮಾಡೀನಿ, ಅಂದ. ಎಲ್ಲಾರೂ ಚಪ್ಪಾಳಿ ಹೊಡದರು."

"ನೀನೂ ಹೊಡದ್ಯಾ?" ಎಂದೆ.

"ಹೊಡದೆ. ಮುಂದಿನ ಸಾಲಿನಾಗ ಕುಂಡ್ರಿಸಿದ್ರು."

ಅವಳ ಗದ್ದದ ಗಾಯ ಮಾದು, ಬಿಳಿ ಗೆರೆಯಾಗಿತ್ತು. ಸಿಟ್ಟಿಗೆ ಅದು ಕೆಂಪಗೆ ಕಾಣುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಗಿಸಿ ನನ್ನ ಪಕ್ಕ ಕೂತು, ಜೋಳದ ಹಿಟ್ಟಿನ ಒಂದು ಮುದ್ದೆ ತೆಗೆದುಕೊಂಡು ತಟ್ಟತೊಡಗಿದಳು. ನಾನೂ ತಟ್ಟಿದೆ. ಇಬ್ಬರೂ ಎಷ್ಟು ಜೋರಾಗಿ ಬಡಿದೆವೆಂದರೆ ಪಕ್ಕದ ಮನೆಯವಳು ಬಂದು ಏನಾಯಿತೆಂದು ಕೇಳಿದಳು. ಚಿಕ್ಕವ್ವ ನಮ್ಮ ಕೈಯ ರೊಟ್ಟಿಗಳನ್ನು ನೋಡಿ, "ಹಿಟ್ಟೇನು ತಪ್ಪು ಮಾಡ್ಯದ ಹುಡಿಗ್ಯಾರಾ? ಮೆತ್ತಗ ಬಡೀರಿ," ಎಂದು ಹರಿದ ರೊಟ್ಟಿಯನ್ನೇ ಎತ್ತಿ ಹಂಚಿಗೆ ಹಾಕಿದಳು.